ನಿಫ್ಟಿ ಚಾರ್ಟಿನ ಮೇಲೆ ಡೌ ಸಿದ್ಧಾಂತ: ಪ್ರಧಾನ ಟ್ರೆಂಡ್ ಮತ್ತು ಸೂಚ್ಯಂಕಗಳ ದೃಢೀಕರಣದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ನಮ್ಮ ಮನೆಯ ಜಗಲಿಯಲ್ಲಿ ಭಾನುವಾರ ಬೆಳಿಗ್ಗೆ ಹತ್ತು ಹನ್ನೆರಡು ಮಂದಿ ಸೇರಿ ಷೇರು ಮಾರುಕಟ್ಟೆಯ ಚಾರ್ಟುಗಳನ್ನು ಓದುವ ಅಭ್ಯಾಸ ಕೆಲವು ವರ್ಷಗಳಿಂದ ನಡೆದುಕೊಂಡು ಬಂದಿದೆ. ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ಬೆಳೆಗಾರರು, ಭದ್ರಾವತಿಯ ನಿವೃತ್ತ ನೌಕರರು, ಸಾಗರದ ಇಬ್ಬರು ಶಿಕ್ಷಕಿಯರು ಅಲ್ಲಿಗೆ ಬರುತ್ತಾರೆ. ಸೂಚ್ಯಂಕದ ಶಿಖರ ಮತ್ತು ತಗ್ಗುಗಳಿಂದ ಮಾರುಕಟ್ಟೆಯ ದಿಕ್ಕನ್ನು ಓದುವ ಡೌ ಸಿದ್ಧಾಂತದ ಬಗ್ಗೆ ಅವರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ. ದೇಶದ ಐವತ್ತು ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 2020ರಲ್ಲಿ ಬಿದ್ದು ಎದ್ದ ಕಥೆಯನ್ನೇ ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ, ಏಕೆಂದರೆ ಈ ಸಿದ್ಧಾಂತದ ಬಲವೂ ಮಿತಿಯೂ ಅದೇ ಒಂದು ಚಾರ್ಟಿನಲ್ಲಿ ಕಾಣುತ್ತವೆ. ಅಂಕಗಳಲ್ಲಿ ದಶಮಾಂಶಗಳನ್ನು ಬಿಟ್ಟು ಹತ್ತಿರದ ಪೂರ್ಣ ಸಂಖ್ಯೆ ಕೊಟ್ಟಿದ್ದೇನೆ.

ಡೌ ಸಿದ್ಧಾಂತವನ್ನು ಬರೆದವರು ಯಾರು?

ಚಾರ್ಲ್ಸ್ ಡೌ ಈ ಹೆಸರಿನ ಪುಸ್ತಕವನ್ನೇನೂ ಬರೆಯಲಿಲ್ಲ. ಅವರು ತಾವೇ ಸ್ಥಾಪಕರಲ್ಲಿ ಒಬ್ಬರಾಗಿದ್ದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ 1902ರಲ್ಲಿ ತೀರಿಕೊಳ್ಳುವವರೆಗೆ ಸಂಪಾದಕೀಯಗಳನ್ನು ಬರೆಯುತ್ತಿದ್ದರು. ಅವುಗಳಲ್ಲಿ ಚದುರಿಹೋಗಿದ್ದ ವಿಚಾರಗಳನ್ನು ಅದೇ ಪತ್ರಿಕೆಯ ಸಂಪಾದಕ ವಿಲಿಯಂ ಪೀಟರ್ ಹ್ಯಾಮಿಲ್ಟನ್ ಬೆಳೆಸಿದರು. 1930ರ ದಶಕದಲ್ಲಿ ರಾಬರ್ಟ್ ರೀ ಅವನ್ನು ನಿಯಮಗಳ ರೂಪಕ್ಕೆ ತಂದರು. ನಾವು ಇಂದು ಕಲಿಯುವುದು ಬಹುಮಟ್ಟಿಗೆ ರೀ ಜೋಡಿಸಿಟ್ಟ ರೂಪವನ್ನು. ಇದನ್ನು ತಿಳಿದಿರುವುದು ಒಳ್ಳೆಯದು, ಏಕೆಂದರೆ 'ಡೌ ಹೀಗೆ ಹೇಳಿದ್ದಾರೆ' ಎಂದು ಹರಿದಾಡುವ ಎಷ್ಟೋ ನಿಯಮಗಳು ಅವರ ನಂತರದವರು ಸೇರಿಸಿದವು.

ಪ್ರಧಾನ ಟ್ರೆಂಡ್ ಎಂದರೆ ನಿಖರವಾಗಿ ಏನು?

ಮಾರುಕಟ್ಟೆಯಲ್ಲಿ ಒಂದೇ ಸಮಯಕ್ಕೆ ಮೂರು ಚಲನೆಗಳು ನಡೆಯುತ್ತಿರುತ್ತವೆ ಎಂಬುದು ಈ ಸಿದ್ಧಾಂತದ ತಳಹದಿ. ಒಂದು ವರ್ಷದ ಆಸುಪಾಸಿನಿಂದ ಹಲವು ವರ್ಷಗಳವರೆಗೆ ಸಾಗುವ ದೊಡ್ಡ ಚಲನೆಯೇ ಪ್ರಧಾನ ಟ್ರೆಂಡ್. ಅದಕ್ಕೆ ಎದುರಾಗಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ನಡೆಯುವುದು ಎರಡನೆಯ ದರ್ಜೆಯ ಚಲನೆ. ದಿನದಿನದ ಏರಿಳಿತ ಮೂರನೆಯದು. ಡೌ ಇದನ್ನು ವಿವರಿಸಲು ಸಮುದ್ರದ ಉಬ್ಬರವನ್ನೂ, ಅಲೆ ಬಂದು ಮುಟ್ಟಿದ ಜಾಗಕ್ಕೆ ಕಡ್ಡಿ ನೆಟ್ಟು ಗುರುತಿಸುವುದನ್ನೂ ಉದಾಹರಿಸಿದ್ದರು. ನಮ್ಮ ಕಡೆಯವರಿಗೆ ಲಿಂಗನಮಕ್ಕಿ ಜಲಾಶಯದ ಮಟ್ಟ ಇನ್ನೂ ಹತ್ತಿರದ ಹೋಲಿಕೆ. ಮಳೆಗಾಲದಲ್ಲಿ ನೀರು 1819 ಅಡಿಯ ಪೂರ್ಣ ಮಟ್ಟದ ಕಡೆಗೆ ಏರುತ್ತಿರುವಾಗ ನಡುವೆ ಎರಡು ವಾರ ಮಳೆ ಕೈಕೊಟ್ಟರೆ ಮಟ್ಟ ಸ್ವಲ್ಪ ಇಳಿಯಬಹುದು. ಹಾಗೆಂದು ಮಳೆಗಾಲ ಮುಗಿಯಿತು ಎಂದು ಯಾರೂ ತೀರ್ಮಾನಿಸುವುದಿಲ್ಲ. ಆದರೆ ಈ ಹೋಲಿಕೆ ಒಂದು ಕಡೆ ನಿಂತುಬಿಡುತ್ತದೆ. ಮಳೆಗಾಲಕ್ಕೆ ಪಂಚಾಂಗವಿದೆ, ಮಾರುಕಟ್ಟೆಗೆ ಇಲ್ಲ. ಆದ್ದರಿಂದ ಪ್ರಧಾನ ಟ್ರೆಂಡ್ ಬದಲಾಗಿದೆ ಎಂಬುದನ್ನು ಅದರ ತಿರುವುಗಳಿಂದಲೇ ಕಂಡುಹಿಡಿಯಬೇಕು.

ತಿರುವುಗಳನ್ನು ಓದುವ ಕ್ರಮ ಸರಳವಾಗಿದೆ. ಏರುವ ಟ್ರೆಂಡಿನಲ್ಲಿ ಪ್ರತಿಯೊಂದು ಶಿಖರವೂ ಹಿಂದಿನ ಶಿಖರಕ್ಕಿಂತ ಎತ್ತರದಲ್ಲಿರುತ್ತದೆ, ಪ್ರತಿಯೊಂದು ತಗ್ಗೂ ಹಿಂದಿನ ತಗ್ಗಿಗಿಂತ ಮೇಲಿರುತ್ತದೆ. ಸೂಚ್ಯಂಕವು ಒಂದು ತಗ್ಗಿನಿಂದ ಮೇಲೆದ್ದು, ಹಿಂದಿನ ಶಿಖರವನ್ನು ಮುಟ್ಟಲಾಗದೆ ಹಿಂದಿರುಗಿ, ಆ ತಗ್ಗನ್ನೂ ಮುರಿದು ಕೆಳಗಿಳಿದರೆ ಟ್ರೆಂಡ್ ತಿರುಗಿದೆ ಎಂದು ಅರ್ಥ. ಇಳಿಯುವ ಟ್ರೆಂಡ್ ಮುಗಿಯುವುದಕ್ಕೂ ಇದೇ ನಿಯಮ ತಲೆಕೆಳಗಾಗಿ ಅನ್ವಯಿಸುತ್ತದೆ.

ಮೊಬೈಲಿನಲ್ಲಿ ಚಾರ್ಟ್ ತೆರೆದಾಗ ಮೊದಲು ಏನನ್ನು ಬದಲಿಸಬೇಕು?

ದಿನದ ಗರಿಷ್ಠ, ಕನಿಷ್ಠಗಳನ್ನೂ ತೋರಿಸುವ ಕ್ಯಾಂಡಲ್ ಚಾರ್ಟನ್ನು ತೆಗೆದು, ಮುಕ್ತಾಯದ ಅಂಕಗಳನ್ನಷ್ಟೇ ಜೋಡಿಸುವ ಲೈನ್ ಚಾರ್ಟ್ ಹಾಕಿಕೊಳ್ಳಿ, ಅವಧಿಯನ್ನು ಒಂದು ದಿನಕ್ಕೆ ಇಡಿ. ಈ ಸಿದ್ಧಾಂತದಲ್ಲಿ ಲೆಕ್ಕಕ್ಕೆ ಬರುವುದು ದಿನದ ಮುಕ್ತಾಯದ ಅಂಕ ಮಾತ್ರ. ದಿನದ ನಡುವೆ ಸೂಚ್ಯಂಕ ಎಷ್ಟು ಮೇಲೆ ಹೋಯಿತು, ಎಷ್ಟು ಕೆಳಗೆ ಬಂತು ಎಂಬುದು ಬೇಕಿಲ್ಲ.

ಈ ನಿಯಮವನ್ನು ನಾನು ಸ್ವಂತ ಹಣ ಕಳೆದುಕೊಂಡು ಕಲಿತಿದ್ದೇನೆ. ನಿಫ್ಟಿ 2025ರ ಮಾರ್ಚ್ 4ರಂದು 22,083ಕ್ಕೆ ಮುಕ್ತಾಯವಾಗಿತ್ತು. ಅಲ್ಲಿಂದ ಏರಿ ಮಾರ್ಚ್ 25ರಂದು 23,669ಕ್ಕೆ ಬಂದು, ಅಮೆರಿಕದ ಸುಂಕದ ಘೋಷಣೆಯ ನಂತರ ಮತ್ತೆ ಜಾರಿತು. ಏಪ್ರಿಲ್ 7ರ ಸೋಮವಾರ ಬೆಳಿಗ್ಗೆ ಪೇಟೆ ತೆರೆದಾಗಲೇ ಕುಸಿದಿತ್ತು, ಮತ್ತು ಆ ದಿನದ ಕನಿಷ್ಠ ಅಂಕ 21,744ರವರೆಗೆ ಇಳಿಯಿತು. ಮಾರ್ಚ್ 4ರ ದಿನದ ಕನಿಷ್ಠ 21,965 ಇದ್ದುದರಿಂದ ಕ್ಯಾಂಡಲ್ ಚಾರ್ಟಿನಲ್ಲಿ ಮಾರ್ಚಿನ ತಗ್ಗು ಮುರಿದಂತೆ ಸ್ಪಷ್ಟವಾಗಿ ಕಾಣುತ್ತಿತ್ತು. ನಾನು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ನನ್ನ ಸೂಚ್ಯಂಕ ಫಂಡಿನ ಒಂದು ಪಾಲನ್ನು ಮಾರಿದೆ. ಆದರೆ ಆ ದಿನ ನಿಫ್ಟಿ ಮುಕ್ತಾಯವಾದದ್ದು 22,162ಕ್ಕೆ, ಅಂದರೆ ಮಾರ್ಚ್ 4ರ ಮುಕ್ತಾಯಕ್ಕಿಂತ 79 ಅಂಕ ಮೇಲೆ. ಲೈನ್ ಚಾರ್ಟಿನಲ್ಲಿ ತಗ್ಗು ಮುರಿದೇ ಇರಲಿಲ್ಲ. ಏಪ್ರಿಲ್ 17ರಂದು ಸೂಚ್ಯಂಕ 23,852ಕ್ಕೆ ಮುಕ್ತಾಯವಾಗಿ ಮಾರ್ಚ್ 25ರ ಎತ್ತರವನ್ನೂ ದಾಟಿತು. ಮಾರಿದ್ದನ್ನು ಹೆಚ್ಚು ಬೆಲೆಗೆ ಮರಳಿ ಕೊಳ್ಳಬೇಕಾಯಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಪುಟದ ಉದಾಹರಣೆಗಳ ಕಾಲದಲ್ಲಿ ನಿಫ್ಟಿಯ ಅಧಿಕೃತ ಮುಕ್ತಾಯ ಎಂಬುದು ಮೂರೂವರೆ ಗಂಟೆಯ ಕೊನೆಯ ವ್ಯವಹಾರದ ಅಂಕವಾಗಿರಲಿಲ್ಲ. ಒಳಗಿರುವ ಷೇರುಗಳ ಕೊನೆಯ ಅರ್ಧ ಗಂಟೆಯ ಸರಾಸರಿ ಬೆಲೆಯನ್ನು, ವ್ಯವಹಾರದ ಪ್ರಮಾಣಕ್ಕೆ ತಕ್ಕ ತೂಕ ಕೊಟ್ಟು ಲೆಕ್ಕ ಹಾಕಿ, ಅದರಿಂದ ಮುಕ್ತಾಯದ ಅಂಕವನ್ನು ನಿರ್ಧರಿಸುತ್ತಿದ್ದರು. ಆದ್ದರಿಂದ ಐದು ನಿಮಿಷದ ಚಾರ್ಟಿನ ಕೊನೆಯ ಅಂಕಕ್ಕೂ ದಿನದ ಚಾರ್ಟಿನ ಮುಕ್ತಾಯಕ್ಕೂ ವ್ಯತ್ಯಾಸ ಕಂಡರೆ ಗಾಬರಿಯಾಗಬೇಡಿ. ಸಂಜೆ ವಿನಿಮಯ ಕೇಂದ್ರದ ಜಾಲತಾಣದಲ್ಲಿ ಬರುವ ಅಂಕವನ್ನೇ ಬರೆದುಕೊಳ್ಳಿ.

ಲೈನ್ ಚಾರ್ಟಿನಲ್ಲೂ ನೂರಾರು ತಿರುವುಗಳಿರುತ್ತವೆ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು?

ಇಡೀ ಸಿದ್ಧಾಂತದಲ್ಲಿ ಅತ್ಯಂತ ಕಷ್ಟದ ಭಾಗ ಇದು. ಬಹುತೇಕ ಜನ ತಪ್ಪುವುದೂ ಇಲ್ಲೇ. ರೀ ಕೊಟ್ಟ ಅಳತೆಯ ಪ್ರಕಾರ ಎರಡನೆಯ ದರ್ಜೆಯ ಚಲನೆಯು ಸಾಮಾನ್ಯವಾಗಿ ಮೂರು ವಾರದಿಂದ ಕೆಲವು ತಿಂಗಳು ನಡೆಯುತ್ತದೆ, ಮತ್ತು ಹಿಂದಿನ ಪ್ರಧಾನ ಚಲನೆಯಲ್ಲಿ ಗಳಿಸಿದ್ದರ ಅಥವಾ ಕಳೆದುಕೊಂಡದ್ದರ ಮೂರನೇ ಒಂದರಿಂದ ಮೂರನೇ ಎರಡರಷ್ಟನ್ನು ಹಿಂದಕ್ಕೆ ಎಳೆಯುತ್ತದೆ. ಅವಧಿಯೂ ಪ್ರಮಾಣವೂ ಎರಡೂ ಸರಿಹೊಂದಿದರೆ ಆ ತಿರುವನ್ನು ನಂಬಬಹುದು. ಒಂದು ಮಾತ್ರ ಹೊಂದಿದರೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ, ಪೆನ್ನಿನಲ್ಲಿ ಬೇಡ.

ಎಕ್ಸೆಲ್ ಬಳಸುವವರು ಏರಿಕೆ ಆರಂಭವಾದ ತಗ್ಗನ್ನು A2ನಲ್ಲಿ, ಶಿಖರವನ್ನು B2ನಲ್ಲಿ, ನಂತರದ ಇಳಿಕೆಯ ತಗ್ಗನ್ನು C2ನಲ್ಲಿ ಹಾಕಿ ಹೀಗೆ ಲೆಕ್ಕ ಮಾಡಬಹುದು:

```
=(B2-C2)/(B2-A2)
```

ಉತ್ತರ 0.33ಕ್ಕೂ 0.67ಕ್ಕೂ ನಡುವೆ ಬಂದರೆ ಪ್ರಮಾಣ ಹೊಂದಿದೆ ಎಂದು ತಿಳಿಯಿರಿ.

ಹಾಗಾದರೆ 2020ರ ಕುಸಿತವನ್ನು ಡೌ ಸಿದ್ಧಾಂತ ಮೊದಲೇ ಹೇಳಿತ್ತೇ?

ಮೊದಲೇ ಹೇಳಲಿಲ್ಲ. ನಡುವೆ ಹೇಳಿತು. ಎಷ್ಟು ಬೇಗ ಹೇಳಿತು ಎಂಬುದು ನೀವು ಯಾವ ತಗ್ಗನ್ನು ಲೆಕ್ಕಕ್ಕೆ ಹಿಡಿದಿರಿ ಎಂಬುದರ ಮೇಲೆ ನಿಂತಿದೆ.

ನಿಫ್ಟಿ 2020ರ ಜನವರಿ 14ರಂದು 12,362ಕ್ಕೆ ಮುಕ್ತಾಯವಾಗಿ ಶಿಖರ ಮುಟ್ಟಿತು. ಬಜೆಟ್ ಮಂಡನೆಯಾದ ಫೆಬ್ರವರಿ 1ರ ಶನಿವಾರ ವಿಶೇಷವಾಗಿ ಪೇಟೆ ತೆರೆದಿತ್ತು, ಆ ದಿನ 11,662ಕ್ಕೆ ಇಳಿಯಿತು. ಅಲ್ಲಿಂದ ಎದ್ದು ಫೆಬ್ರವರಿ 12ರಂದು 12,201 ಮುಟ್ಟಿತೇ ಹೊರತು ಜನವರಿಯ ಶಿಖರವನ್ನು ತಲುಪಲಿಲ್ಲ. ಫೆಬ್ರವರಿ 27ರ ಮುಕ್ತಾಯ 11,633. ಅಂದರೆ ಫೆಬ್ರವರಿ 1ರ ತಗ್ಗು ಬರಿಯ 29 ಅಂಕಗಳಿಂದ ಮುರಿಯಿತು. ಮರುದಿನ ಶುಕ್ರವಾರ ಸೂಚ್ಯಂಕ ಒಂದೇ ದಿನಕ್ಕೆ 11,202ಕ್ಕೆ ಕುಸಿದು ಅನುಮಾನಕ್ಕೆ ಜಾಗವನ್ನೇ ಉಳಿಸಲಿಲ್ಲ. ಶಿಖರ, ತಗ್ಗು, ಕಡಿಮೆ ಎತ್ತರದ ಎರಡನೆಯ ಶಿಖರ, ತಗ್ಗಿನ ಮುರಿತ, ಹೀಗೆ ಪಾಠದಲ್ಲಿ ಬರೆದಂತೆಯೇ ನಾಲ್ಕೂ ಹಂತಗಳು ಇಲ್ಲಿವೆ.

ಆದರೆ ನಿಯಮವನ್ನು ಬಿಗಿಯಾಗಿ ಹಿಡಿಯುವವರು ಇದನ್ನು ಒಪ್ಪುವುದಿಲ್ಲ, ಮತ್ತು ಅವರ ಆಕ್ಷೇಪದಲ್ಲಿ ಹುರುಳಿದೆ. ಫೆಬ್ರವರಿ 1ರಿಂದ 12ರವರೆಗಿನ ಏರಿಕೆ ನಡೆದದ್ದು ಎಂಟೇ ವಹಿವಾಟಿನ ದಿನಗಳಲ್ಲಿ. ಅದು ಹಿಂದಕ್ಕೆ ಎಳೆದದ್ದು 700 ಅಂಕಗಳ ಇಳಿಕೆಯಲ್ಲಿ 539 ಅಂಕಗಳನ್ನು, ಅಂದರೆ ಶೇಕಡ 77ರಷ್ಟನ್ನು. ಅವಧಿಯೂ ಹೊಂದುವುದಿಲ್ಲ, ಪ್ರಮಾಣವೂ ಹೊಂದುವುದಿಲ್ಲ. ಅವರು ಹಿಡಿಯುವ ತಗ್ಗು 2019ರ ಸೆಪ್ಟೆಂಬರ್ 19ರದು, 10,705. ಕಂಪನಿ ತೆರಿಗೆ ಕಡಿತದ ಘೋಷಣೆಯಾಗಿ ಮಾರುಕಟ್ಟೆ ಜಿಗಿದದ್ದು ಅದರ ಮರುದಿನ. ಆ ತಗ್ಗು ಮುರಿದದ್ದು 2020ರ ಮಾರ್ಚ್ 9ರಂದು, 10,451ರಲ್ಲಿ.

ಹೀಗೆ ಒಂದೇ ಸಿದ್ಧಾಂತ, ಒಂದೇ ಚಾರ್ಟ್, ಆದರೂ ಎರಡು ತಾರೀಖುಗಳು. ಎರಡಕ್ಕೂ ನಡುವೆ ಸುಮಾರು 1,180 ಅಂಕಗಳ ಅಂತರ. ಮಾರ್ಚ್ 23ರಂದು ನಿಫ್ಟಿ 7,610ಕ್ಕೆ ಬಂದು ನಿಂತಿತು ಎಂಬುದನ್ನು ನೆನೆದರೆ ಎರಡೂ ಓದುಗಳು ಹೂಡಿಕೆದಾರನನ್ನು ಕುಸಿತದ ಅತಿ ಕಡಿದಾದ ಭಾಗದಿಂದ ಹೊರಗಿಟ್ಟವು ಎನ್ನಬೇಕು. ನನ್ನ ಅಭಿಪ್ರಾಯ ಕೇಳಿದರೆ, ಬಿಗಿಯಾದ ಓದೇ ಮೇಲು. ಎಂಟು ದಿನಗಳ ಏರಿಳಿತವನ್ನು ಪ್ರಧಾನ ಟ್ರೆಂಡಿನ ತಿರುವೆಂದು ಒಪ್ಪಿಕೊಂಡರೆ ವರ್ಷಕ್ಕೆ ನಾಲ್ಕಾರು ಬಾರಿ ಸುಳ್ಳು ಸೂಚನೆ ಸಿಗುತ್ತದೆ. ಆ ಫೆಬ್ರವರಿಯಲ್ಲಿ ಅದು ನಿಜವಾಯಿತು ಎಂಬ ಕಾರಣಕ್ಕೆ ಅದನ್ನು ನಿಯಮವಾಗಿಸಿಕೊಳ್ಳಬಾರದು.

ತಳ ಮುಟ್ಟಿದೆ ಎಂದು ಹೇಗೆ ತಿಳಿಯಿತು?

ಮಾರ್ಚ್ 23ರಂದು ಯಾರಿಗೂ ತಿಳಿಯಲಿಲ್ಲ, ತಿಳಿಯುವ ದಾರಿಯೂ ಇರಲಿಲ್ಲ. ಮುಂದಿನ ಘಟನೆಗಳು ಮಾತ್ರ ಬಹಳ ಸ್ವಚ್ಛವಾಗಿ ನಡೆದವು. ನಿಫ್ಟಿ 7,610ರಿಂದ ಏರಿ ಏಪ್ರಿಲ್ 30ರಂದು 9,860ಕ್ಕೆ ಬಂತು. ಅಲ್ಲಿಂದ ಇಳಿದು ಮೇ 18ರಂದು 8,823 ಮುಟ್ಟಿತು. ಈ ಇಳಿಕೆ 1,037 ಅಂಕಗಳದ್ದು. ಅದಕ್ಕೆ ಮುಂಚಿನ ಏರಿಕೆ 2,250 ಅಂಕಗಳದ್ದಾದ್ದರಿಂದ ಹಿಂದಕ್ಕೆ ಬಂದದ್ದು ಶೇಕಡ 46, ತೆಗೆದುಕೊಂಡ ಅವಧಿ ಎರಡೂವರೆ ವಾರ. ಅವಧಿ ತುಸು ಕಡಿಮೆ ಎನ್ನಿಸಿದರೂ ಪ್ರಮಾಣ ಸರಿಯಾಗಿ ನಡುವಿನಲ್ಲಿದೆ, ಮತ್ತು ತಗ್ಗು ಮಾರ್ಚಿನ ತಳಕ್ಕಿಂತ ಬಹಳ ಮೇಲಿದೆ. ಜೂನ್ 1ರಂದು 9,826ಕ್ಕೆ ಬಂದು ಸ್ವಲ್ಪದರಲ್ಲಿ ತಪ್ಪಿಸಿಕೊಂಡ ಸೂಚ್ಯಂಕ, ಜೂನ್ 2ರಂದು 9,979ಕ್ಕೆ ಮುಕ್ತಾಯವಾಗಿ ಏಪ್ರಿಲ್ 30ರ ಶಿಖರವನ್ನು ದಾಟಿತು. ಪ್ರಧಾನ ಟ್ರೆಂಡ್ ಮೇಲ್ಮುಖವಾಯಿತು ಎಂಬ ಸೂಚನೆ ಬಂದ ದಿನ ಅದು.

ಅಷ್ಟರಲ್ಲಿ ತಳದಿಂದ ಶೇಕಡ 31ರಷ್ಟು ಏರಿಕೆ ಆಗಿಹೋಗಿತ್ತು. ಭದ್ರಾವತಿಯ ಒಬ್ಬ ಹಿರಿಯರು ಇದನ್ನು ಕೇಳಿ, 'ಇಷ್ಟು ತಡವಾದರೆ ಏನು ಬಂತು?' ಎಂದು ಬೇಸರಪಟ್ಟರು. ಆ ಜೂನ್ ಮೊದಲ ವಾರ ಲಾಕ್‌ಡೌನ್ ಇನ್ನೂ ಪೂರ್ತಿ ತೆರವಾಗಿರಲಿಲ್ಲ, ಸೋಂಕು ಏರುತ್ತಿತ್ತು, ಸುದ್ದಿಯನ್ನು ನೋಡಿ ಕೊಳ್ಳುವ ಧೈರ್ಯ ಯಾರಿಗೂ ಬರುವಂತಿರಲಿಲ್ಲ. ಸೂಚ್ಯಂಕ ನವೆಂಬರ್ 9ರಂದು ಜನವರಿಯ ಶಿಖರವನ್ನೂ ದಾಟಿ, 2021ರ ಅಕ್ಟೋಬರ್ 18ರಂದು 18,477ಕ್ಕೆ ಮುಕ್ತಾಯವಾಯಿತು.

ಎರಡು ಸೂಚ್ಯಂಕಗಳು ಪರಸ್ಪರ ದೃಢೀಕರಿಸಬೇಕು ಎನ್ನುತ್ತಾರಲ್ಲ, ಏಕೆ?

ಅಮೆರಿಕದಲ್ಲಿ ಆಗ ಇದ್ದ ಎರಡು ಸರಾಸರಿಗಳು ಕೈಗಾರಿಕೆಗಳದ್ದು ಮತ್ತು ರೈಲು ಕಂಪನಿಗಳದ್ದು. ಕಾರ್ಖಾನೆ ಮಾಲು ತಯಾರಿಸಿದರೆ ಸಾಲದು, ಆ ಮಾಲು ರೈಲಿಗೆ ಏರಿ ಕೊಳ್ಳುವವರ ಊರಿಗೆ ಹೋಗಬೇಕು. ಕಾರ್ಖಾನೆಯ ಷೇರುಗಳು ಏರುತ್ತಿದ್ದು ರೈಲಿನ ಷೇರುಗಳು ಏರದಿದ್ದರೆ ಎಲ್ಲೋ ಮಾಲು ನಿಂತಿದೆ ಎಂದು ಅರ್ಥ. ತೀರ್ಥಹಳ್ಳಿಯ ತೋಟದಲ್ಲಿ ಕೊಯ್ಲು ಚೆನ್ನಾಗಿದ್ದು, ಶಿವಮೊಗ್ಗದ ಮಂಡಿಯಿಂದ ಉತ್ತರ ಭಾರತಕ್ಕೆ ಲಾರಿ ಹೊರಡದಿದ್ದರೆ ಬೆಳೆಗಾರನಿಗೆ ಏನಾಗುತ್ತದೆ ಎಂಬುದನ್ನು ನಮ್ಮವರಿಗೆ ವಿವರಿಸಬೇಕಿಲ್ಲ. ರೈಲು ಸರಾಸರಿಯನ್ನು 1970ರಲ್ಲಿ ಸಾರಿಗೆ ಸರಾಸರಿ ಎಂದು ಬದಲಿಸಿ ವಿಮಾನ ಮತ್ತು ಟ್ರಕ್ ಕಂಪನಿಗಳನ್ನೂ ಸೇರಿಸಿದರು.

ದೃಢೀಕರಣದ ಜೀವಾಳ ಇರುವುದು ಎರಡು ಸಾಕ್ಷಿಗಳು ಬೇರೆ ಬೇರೆಯಾಗಿರುವುದರಲ್ಲಿ. ಒಂದೇ ಮನೆಯ ಇಬ್ಬರು ಒಂದೇ ಮಾತು ಹೇಳಿದರೆ ಅದನ್ನು ಎರಡು ಸಾಕ್ಷಿ ಎಂದು ಎಣಿಸುವುದಿಲ್ಲ.

ನಿಫ್ಟಿಯನ್ನು ಸೆನ್ಸೆಕ್ಸ್ ದೃಢೀಕರಿಸಿದರೆ ಸಾಲದೇ?

ಸಾಲದು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಕನ್ನಡದ ವೀಡಿಯೊಗಳಲ್ಲೂ ಈ ತಪ್ಪು ಬಹಳ ಸಲ ಕಾಣುತ್ತದೆ. ಸೆನ್ಸೆಕ್ಸ್‌ನ 30 ಕಂಪನಿಗಳು ಸಾಮಾನ್ಯವಾಗಿ ನಿಫ್ಟಿಯ 50ರ ಒಳಗೇ ಇರುತ್ತವೆ, ಮತ್ತು ದೊಡ್ಡ ಕಂಪನಿಗಳ ತೂಕವೇ ಎರಡರಲ್ಲೂ ಹೆಚ್ಚು. 2020ರ ಜೂನ್ 2ರಂದು ನಿಫ್ಟಿ ಏಪ್ರಿಲ್ ಶಿಖರವನ್ನು ದಾಟಿದ ದಿನವೇ ಸೆನ್ಸೆಕ್ಸ್ ಕೂಡ 33,826ಕ್ಕೆ ಮುಕ್ತಾಯವಾಗಿ ತನ್ನ ಏಪ್ರಿಲ್ 30ರ 33,718ನ್ನು ದಾಟಿತು. ನೋಡಲು ಇದು ಸುಂದರವಾದ ದೃಢೀಕರಣ. ಆದರೆ ಅದು ಅದೇ ಷೇರುಗಳು ಎರಡನೆಯ ಸಲ ಹೇಳಿದ ಅದೇ ಮಾತು. ಒಂದನ್ನು ಕಂಡಮೇಲೆ ಇನ್ನೊಂದರಿಂದ ಹೊಸದಾಗಿ ತಿಳಿಯುವುದು ಏನೂ ಇಲ್ಲ.

ಹಾಗಾದರೆ ನಮ್ಮ ದೇಶದ ಮಾರುಕಟ್ಟೆಗೆ ಎರಡನೆಯ ಸಾಕ್ಷಿ ಯಾವುದು?

ಎರಡು ಆಯ್ಕೆಗಳನ್ನು ನಾನು ಬಳಸುತ್ತೇನೆ. ಎರಡೂ ಪರಿಪೂರ್ಣವಲ್ಲ.

ಮೊದಲನೆಯದು ನಿಫ್ಟಿ ಬ್ಯಾಂಕ್ ಸೂಚ್ಯಂಕ. ಮಾಲು ಸಾಗುವುದಕ್ಕೆ ರೈಲು ಹೇಗೋ, ಇಂದಿನ ಆರ್ಥಿಕತೆಯಲ್ಲಿ ಹಣ ಸಾಗುವುದಕ್ಕೆ ಬ್ಯಾಂಕ್ ಹಾಗೆ. ತರ್ಕ ಚೆನ್ನಾಗಿದೆ. ತೊಡಕು ಏನೆಂದರೆ ದೊಡ್ಡ ಬ್ಯಾಂಕುಗಳೆಲ್ಲ ನಿಫ್ಟಿಯ ಒಳಗೂ ದೊಡ್ಡ ತೂಕದೊಂದಿಗೆ ಕುಳಿತಿವೆ. ಆದ್ದರಿಂದ ಅದು ಅರ್ಧ ಸ್ವತಂತ್ರ ಸಾಕ್ಷಿ ಮಾತ್ರ. ಹಾಗಿದ್ದೂ 2020ರಲ್ಲಿ ಅದು ಬೇರೆ ಮಾತನ್ನು ಹೇಳಿತು. ನಿಫ್ಟಿ ಜನವರಿ 14ರಂದು ಹೊಸ ಶಿಖರ ಮುಟ್ಟಿದಾಗ ಬ್ಯಾಂಕ್ ಸೂಚ್ಯಂಕ ತನ್ನ ಡಿಸೆಂಬರ್ ಶಿಖರದ ಕೆಳಗೇ ಇತ್ತು. ನಿಫ್ಟಿ ತಗ್ಗು ಮುರಿದ ಮರುದಿನ, ಫೆಬ್ರವರಿ 28ರಂದು, ಅದೂ ತನ್ನ ಬಜೆಟ್ ದಿನದ ತಗ್ಗನ್ನು ಮುರಿಯಿತು.

ಎರಡನೆಯದು ಮಧ್ಯಮ ಗಾತ್ರದ ಕಂಪನಿಗಳ ಸೂಚ್ಯಂಕವಾದ ನಿಫ್ಟಿ ಮಿಡ್‌ಕ್ಯಾಪ್ 100. ಇದರಲ್ಲಿರುವ ಕಂಪನಿಗಳು ನಿಫ್ಟಿ 50ರಲ್ಲಿ ಇರುವುದಿಲ್ಲ, ಹಾಗಾಗಿ ಇದು ನಿಜವಾಗಿ ಬೇರೆ ಮನೆಯ ಸಾಕ್ಷಿ. ಇದರ ಅತ್ಯುತ್ತಮ ಪಾಠ 2018ರಿಂದ 2020ರವರೆಗಿನದು. ನಿಫ್ಟಿ 2018ರ ಜನವರಿ 29ರಂದು 11,130, ಆಗಸ್ಟ್ 28ರಂದು 11,739, 2019ರ ಜೂನ್ 3ರಂದು 12,089, 2020ರ ಜನವರಿಯಲ್ಲಿ 12,362, ಹೀಗೆ ಒಂದರ ಮೇಲೊಂದು ಶಿಖರ ಕಟ್ಟುತ್ತಾ ಹೋಯಿತು. ಮಿಡ್‌ಕ್ಯಾಪ್ ಸೂಚ್ಯಂಕ ಮಾತ್ರ 2018ರ ಜನವರಿಯ ತನ್ನ ಶಿಖರವನ್ನು ಈ ಎರಡು ವರ್ಷಗಳಲ್ಲಿ ಒಮ್ಮೆಯೂ ಮುಟ್ಟಲಿಲ್ಲ. ಆ ಕಾಲದಲ್ಲಿ ನಮ್ಮ ಜಗಲಿಯಲ್ಲಿ ಪ್ರತಿ ವಾರ ಕೇಳಿಬರುತ್ತಿದ್ದ ದೂರು, 'ಸೂಚ್ಯಂಕ ದಾಖಲೆ ಬರೆಯುತ್ತಿದೆ, ನನ್ನ ಷೇರುಗಳು ಮಾತ್ರ ಅರ್ಧವಾಗಿವೆ' ಎಂಬುದು. ಕೆಲವೇ ದೊಡ್ಡ ಕಂಪನಿಗಳು ನಿಫ್ಟಿಯನ್ನು ಎತ್ತಿ ಹಿಡಿದಿದ್ದವು ಎಂಬುದನ್ನೇ ದೃಢೀಕರಣದ ಕೊರತೆ ತೋರಿಸುತ್ತಿತ್ತು.

ದೃಢೀಕರಣ ಸಿಗದಿದ್ದರೆ ಕೂಡಲೇ ಮಾರಬೇಕೇ?

ಬೇಡ. ಮೇಲಿನ ಉದಾಹರಣೆಯಲ್ಲೇ ನೋಡಿ. 2018ರ ಆಗಸ್ಟಿನಲ್ಲಿ ದೃಢೀಕರಣ ಸಿಗಲಿಲ್ಲವೆಂದು ಮಾರಿದವನು ನಿಫ್ಟಿ ಇನ್ನೂ ಒಂದೂವರೆ ವರ್ಷ ಏಳುತ್ತಾ ಬೀಳುತ್ತಾ ಮೇಲೆ ಹೋಗುವುದನ್ನು ಹೊರಗೆ ನಿಂತು ನೋಡಬೇಕಾಗುತ್ತಿತ್ತು. ದೃಢೀಕರಣದ ಕೊರತೆ ಎಂದರೆ ಹಳೆಯ ಟ್ರೆಂಡ್ ಮುಂದುವರಿದಿದೆ ಎಂಬ ಭರವಸೆ ಇಲ್ಲ ಎಂದಷ್ಟೇ ಅರ್ಥ. ಟ್ರೆಂಡ್ ತಿರುಗಿದೆ ಎನ್ನಲು ತಗ್ಗು ಮುರಿಯಲೇಬೇಕು, ಅದೂ ಎರಡೂ ಸೂಚ್ಯಂಕಗಳಲ್ಲಿ. ಅಲ್ಲಿಯವರೆಗೆ ಹೊಸದಾಗಿ ಹಣ ಹಾಕುವುದನ್ನು ನಿಧಾನಿಸಬಹುದು. ಇರುವುದನ್ನು ಮಾರಲು ಅದು ಕಾರಣವಾಗುವುದಿಲ್ಲ.

ಎರಡೂ ಸೂಚ್ಯಂಕಗಳು ಒಂದೇ ದಿನ ದೃಢೀಕರಿಸಬೇಕೇ?

ಬೇಕಿಲ್ಲ. ವಾರಗಳ ಅಂತರ ಇರಬಹುದು. 2020ರ ಜೂನ್ 2ರಂದು ನಿಫ್ಟಿ ಏಪ್ರಿಲ್ ಶಿಖರವನ್ನು ದಾಟಿದರೂ ಬ್ಯಾಂಕ್ ಸೂಚ್ಯಂಕ ತನ್ನ ಏಪ್ರಿಲ್ ಶಿಖರದ ಕೆಳಗೇ ಇತ್ತು. ಅದಕ್ಕೆ ಕಾರಣವೂ ಸ್ಪಷ್ಟವಾಗಿತ್ತು. ಸಾಲದ ಕಂತು ಮುಂದೂಡುವ ಅವಕಾಶವನ್ನು ರಿಸರ್ವ್ ಬ್ಯಾಂಕ್ ಮೇ 22ರಂದು ಇನ್ನೂ ಮೂರು ತಿಂಗಳು ವಿಸ್ತರಿಸಿತ್ತು, ಎಷ್ಟು ಸಾಲ ಮರಳಿ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಆ ದಿನಗಳಲ್ಲಿ ಬ್ಯಾಂಕ್ ಸೂಚ್ಯಂಕ ಮಾರ್ಚಿನ ತಳದ ಹತ್ತಿರಕ್ಕೇ ಮರಳಿತ್ತು, ಆದರೆ ಮುಕ್ತಾಯದ ಲೆಕ್ಕದಲ್ಲಿ ಅದನ್ನು ಮುರಿಯಲಿಲ್ಲ. ಕೊನೆಗೆ ಜೂನ್ ದ್ವಿತೀಯಾರ್ಧದಲ್ಲಿ ಅದು ಏಪ್ರಿಲ್ ಶಿಖರವನ್ನು ದಾಟಿತು. ಆಗ ನಿಫ್ಟಿ 10,300ರ ಆಸುಪಾಸಿನಲ್ಲಿತ್ತು. ಕಾಯ್ದವರು ತೆತ್ತ ಬೆಲೆ ಸುಮಾರು 300 ಅಂಕ. ಅಂಥ ಕಾಲದಲ್ಲಿ ಎರಡನೆಯ ಸಾಕ್ಷಿಗಾಗಿ ಕಾಯುವುದಕ್ಕೆ ಅದು ದುಬಾರಿ ಬೆಲೆ ಎಂದು ನನಗೆ ಅನ್ನಿಸುವುದಿಲ್ಲ.

ಈ ಸಿದ್ಧಾಂತ ನಷ್ಟ ತಂದ ಉದಾಹರಣೆ ಇದೆಯೇ?

ಇದೆ, ಮತ್ತು ಅದು ಬಹಳ ಹಿಂದಿನದಲ್ಲ. 2021ರ ಅಕ್ಟೋಬರಿನಲ್ಲಿ 18,477 ಮುಟ್ಟಿದ ನಿಫ್ಟಿ, ಡಿಸೆಂಬರ್ 20ರಂದು 16,614ಕ್ಕೆ ಇಳಿದು, 2022ರ ಜನವರಿ 17ರಂದು 18,308ಕ್ಕೆ ಏರಿ, ರಷ್ಯಾ ಉಕ್ರೇನಿನ ಮೇಲೆ ದಾಳಿ ಮಾಡಿದ ಫೆಬ್ರವರಿ 24ರಂದು 16,248ಕ್ಕೆ ಬಿದ್ದಿತು. ನಿಯಮದ ಪ್ರಕಾರ ಅಂದು ಟ್ರೆಂಡ್ ತಿರುಗಿತು. ಇಲ್ಲಿ ನಡುವಿನ ಏರಿಕೆ ನಾಲ್ಕು ವಾರದ್ದು, ಅದು ಹಿಂದಕ್ಕೆ ಎಳೆದದ್ದು ಮಾತ್ರ ಅತಿಯಾಗಿತ್ತು. ಸೂಚ್ಯಂಕ ಜೂನ್ 17ರಂದು 15,294ರವರೆಗೆ ಇಳಿದದ್ದೂ ನಿಜ. ಆದರೆ ಮರಳಿ ಕೊಳ್ಳುವ ಸೂಚನೆ ಯಾವಾಗ ಬಂತು ಎಂದು ನೋಡಿ. ಸೆಪ್ಟೆಂಬರ್ 13ರಂದು 18,070ರ ಶಿಖರ, ಸೆಪ್ಟೆಂಬರ್ 29ರಂದು 16,818ರ ತಗ್ಗು, ನವೆಂಬರ್ 1ರಂದು 18,145ಕ್ಕೆ ಶಿಖರದ ದಾಟುವಿಕೆ. 16,248ಕ್ಕೆ ಮಾರಿದವನು 18,145ಕ್ಕೆ ಕೊಳ್ಳಬೇಕಾಯಿತು, ಶೇಕಡ 11.7ರಷ್ಟು ಹೆಚ್ಚು ಕೊಟ್ಟು.

ಇದನ್ನು 2020ರ ಜೊತೆ ಇಟ್ಟು ನೋಡಿ. ಬಿಗಿಯಾದ ಓದಿನಂತೆ 10,451ಕ್ಕೆ ಮಾರಿ 9,979ಕ್ಕೆ ಕೊಂಡವನಿಗೆ ಉಳಿದದ್ದು ಶೇಕಡ 4.5 ಮಾತ್ರ, ಅದರಲ್ಲಿ ತೆರಿಗೆ ಮತ್ತು ದಲ್ಲಾಳಿ ಶುಲ್ಕ ಬೇರೆ ಕಳೆಯಬೇಕು. ಎರಡು ಘಟನೆಗಳನ್ನು ಕೂಡಿಸಿದರೆ ಸುಮ್ಮನೆ ಹಿಡಿದುಕೊಂಡು ಕುಳಿತವನೇ ಮುಂದಿದ್ದಾನೆ. ಅಮೆರಿಕದ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಕೌಲ್ಸ್ 1930ರ ದಶಕದಲ್ಲಿ ಹ್ಯಾಮಿಲ್ಟನ್ ಅವರ ಸಂಪಾದಕೀಯಗಳನ್ನು ಪರೀಕ್ಷಿಸಿ ಇದೇ ತೀರ್ಮಾನಕ್ಕೆ ಬಂದಿದ್ದರು. ಅವರ ಲೆಕ್ಕದಲ್ಲಿ ಹ್ಯಾಮಿಲ್ಟನ್ ದಾರಿಯಲ್ಲಿ ವರ್ಷಕ್ಕೆ ಶೇಕಡ 12 ಸಿಕ್ಕಿದರೆ, ಷೇರುಗಳನ್ನು ಹಿಡಿದುಕೊಂಡಿದ್ದವನಿಗೆ ಶೇಕಡ 15.5 ಸಿಗುತ್ತಿತ್ತು. ಆದರೆ 1998ರಲ್ಲಿ ಬ್ರೌನ್, ಗೋಟ್ಸ್‌ಮನ್ ಮತ್ತು ಕುಮಾರ್ ಅದೇ ಸಂಪಾದಕೀಯಗಳನ್ನು ಮರುಪರಿಶೀಲಿಸಿ, ಹ್ಯಾಮಿಲ್ಟನ್ ಬಹಳ ಕಾಲ ಮಾರುಕಟ್ಟೆಯ ಹೊರಗಿದ್ದುದರಿಂದ ಅವರು ಹೊತ್ತ ಅಪಾಯ ತೀರ ಕಡಿಮೆ, ಅಪಾಯವನ್ನೂ ಲೆಕ್ಕ ಹಿಡಿದರೆ ಅವರ ಸಾಧನೆ ಚೆನ್ನಾಗಿಯೇ ಇದೆ ಎಂದು ತೋರಿಸಿದರು. ಮಗಳ ಮದುವೆಗೋ ತೋಟದ ಬೇಲಿಗೋ ಎರಡು ವರ್ಷದಲ್ಲಿ ಹಣ ಬೇಕಾದವರಿಗೆ ಈ ವ್ಯತ್ಯಾಸ ಮುಖ್ಯ. ಇಪ್ಪತ್ತು ವರ್ಷ ಮುಟ್ಟದ ಹಣಕ್ಕೆ ಅಷ್ಟು ಮುಖ್ಯವಲ್ಲ.

ಹದಿನೈದು ನಿಮಿಷದ ಚಾರ್ಟಿನಲ್ಲಿ ಇದನ್ನು ಬಳಸಬಹುದೇ?

ಶಿಖರ ಮತ್ತು ತಗ್ಗುಗಳ ಓದು ಯಾವ ಚಾರ್ಟಿನಲ್ಲೂ ಮಾಡಬಹುದು, ಆದರೆ ಅದು ಡೌ ಸಿದ್ಧಾಂತವಾಗುವುದಿಲ್ಲ. ದಿನದಿನದ ಏರಿಳಿತದಿಂದ ಯಾವ ತೀರ್ಮಾನಕ್ಕೂ ಬರಬಾರದು ಎಂಬುದೇ ಅದರ ಮೊದಲ ನಿಯಮ.

ವ್ಯವಹಾರದ ಪ್ರಮಾಣ ನೋಡಬೇಡವೇ?

ನೋಡಬಹುದು, ಆದರೆ ಅದು ಬೆಂಬಲದ ಸಾಕ್ಷಿ ಮಾತ್ರ. ಬೆಲೆ ಒಂದು ಹೇಳಿ ಪ್ರಮಾಣ ಇನ್ನೊಂದು ಹೇಳಿದರೆ ಬೆಲೆಯ ಮಾತನ್ನೇ ನಂಬಬೇಕು.

ಅಡಿಕೆ ದರಕ್ಕೆ ಇದನ್ನು ಅನ್ವಯಿಸಬಹುದೇ?

ಈ ಪ್ರಶ್ನೆ ಬಾರದ ಭಾನುವಾರವೇ ಇಲ್ಲ. ಹೊಸನಗರ ಕಡೆಯ ಒಬ್ಬ ಬೆಳೆಗಾರರು ಹಲವು ತಿಂಗಳು ರಾಶಿ ಇಡಿ ಮತ್ತು ಬೆಟ್ಟೆಯ ದರಗಳನ್ನು ಗ್ರಾಫ್ ಹಾಳೆಯ ಮೇಲೆ ಎರಡು ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದು ತಂದಿದ್ದರು. ಗೆರೆಗಳು ಅಚ್ಚುಕಟ್ಟಾಗಿದ್ದವು, ಮತ್ತು ಒಂದು ಇನ್ನೊಂದನ್ನು ದೃಢೀಕರಿಸುತ್ತಿದೆ ಎಂದು ಅವರು ನಂಬಿದ್ದರು. ನಾನು ಹೇಳಿದ್ದು ಇಷ್ಟು: ಎರಡೂ ದರ್ಜೆಗಳು ಒಂದೇ ತೋಟದಿಂದ ಬಂದು, ಅದೇ ವ್ಯಾಪಾರಿಗಳ ಕೈಗೆ ಹೋಗುತ್ತವೆ. ಅದು ನಿಫ್ಟಿ ಮತ್ತು ಸೆನ್ಸೆಕ್ಸ್ ಇದ್ದ ಹಾಗೆ. ಅಲ್ಲದೆ ಮಂಡಿಯಲ್ಲಿ ದರ ಎಂದರೆ ಆ ದಿನ ಬಂದ ಮಾಲಿನ ಗುಣಕ್ಕೆ ಸಿಕ್ಕ ಕನಿಷ್ಠ ಮತ್ತು ಗರಿಷ್ಠ ದರ. ಆವಕ ಕಡಿಮೆಯಾದ ದಿನ ಗರಿಷ್ಠ ದರ ಒಂದೆರಡು ಚೀಲದ ಮೇಲೆ ನಿಂತಿರಬಹುದು. ಸೂಚ್ಯಂಕದ ಮುಕ್ತಾಯದಷ್ಟು ಗಟ್ಟಿಯಾದ ಅಂಕ ಅಲ್ಲಿ ಸಿಗುವುದಿಲ್ಲ. ಶಿಖರ ಮತ್ತು ತಗ್ಗು ಗುರುತಿಸುವ ಅಭ್ಯಾಸಕ್ಕೆ ಆ ಹಾಳೆ ಒಳ್ಳೆಯದು, ಮಾಲು ಹಿಡಿದಿಡುವ ಅಥವಾ ಬಿಡುವ ನಿರ್ಧಾರಕ್ಕೆ ಸಾಲದು.

ಇದನ್ನು ಪಾಲಿಸಲು ದಿನಾ ಎಷ್ಟು ಹೊತ್ತು ಬೇಕು?

ದಿನಾ ಬೇಕಿಲ್ಲ, ಶುಕ್ರವಾರ ಸಂಜೆ ಕಾಲು ಗಂಟೆ ಸಾಕು. ನನ್ನ ನೋಟ್‌ಬುಕ್ಕಿನಲ್ಲಿ ನಿಫ್ಟಿ, ಬ್ಯಾಂಕ್, ಮಿಡ್‌ಕ್ಯಾಪ್ ಮೂರಕ್ಕೂ ಒಂದೊಂದು ಪುಟವಿದೆ. ಪ್ರತಿ ಪುಟದ ಮೇಲ್ಭಾಗದಲ್ಲಿ ಕೊನೆಯ ಮುಖ್ಯ ಶಿಖರ ಮತ್ತು ಕೊನೆಯ ಮುಖ್ಯ ತಗ್ಗು, ತಾರೀಖಿನ ಸಮೇತ ಪೆನ್ನಿನಲ್ಲಿ ಬರೆದಿರುತ್ತವೆ. ಇನ್ನೂ ಖಚಿತವಾಗದ ತಿರುವುಗಳು ಅವುಗಳ ಕೆಳಗೆ ಪೆನ್ಸಿಲ್ಲಿನಲ್ಲಿ ಇರುತ್ತವೆ. ವಾರದ ಐದು ಮುಕ್ತಾಯಗಳಲ್ಲಿ ಯಾವುದಾದರೂ ಆ ಎರಡು ಅಂಕಗಳನ್ನು ದಾಟಿದೆಯೇ ಎಂದು ನೋಡುತ್ತೇನೆ. ದಾಟಿಲ್ಲದಿದ್ದರೆ ಪುಸ್ತಕ ಮುಚ್ಚುತ್ತೇನೆ, ಮತ್ತು ವರ್ಷದ ಬಹುತೇಕ ಶುಕ್ರವಾರಗಳಲ್ಲಿ ಆಗುವುದು ಅದೇ. ದಾಟಿದ್ದರೆ ಉಳಿದ ಎರಡು ಪುಟಗಳನ್ನು ತೆರೆದು ಅವುಗಳೂ ದಾಟಿವೆಯೇ ಎಂದು ನೋಡಿ, ಇಲ್ಲದಿದ್ದರೆ ಆ ತಾರೀಖಿನ ಪಕ್ಕದಲ್ಲಿ 'ಒಂದೇ ಸಾಕ್ಷಿ' ಎಂದು ಬರೆದಿಡುತ್ತೇನೆ.